ವಿಚಾರಣೆ ಕಾಯ್ದಿರಿಸಿ ಅಮಾನತು: ತೀರ್ಪು ಬರೆಯದೆ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: ಗಂಗಾವತಿ ಹತ್ತಿರದ ಅಕ್ಕಿ ಗಿರಣಿಯೊಂದರಲ್ಲಿ ನಾನು ವ್ಯವಸ್ಥಾಪಕ. 60ಕ್ಕೂ ಹೆಚ್ಚು ಜನ ಕೆಲಸಕ್ಕಿದ್ದಾರೆ. ನಮ್ಮ ಕಾಟಾ ಗುಮಾಸ್ತನ ಪಾಳಿಯಲ್ಲಿ ಒಂದೇ ಲಾರಿಯ ಖಾಲಿ ತೂಕ ಮೂರು ಚೀಟಿಗಳಲ್ಲಿ ಮೂರು ಬಗೆಯಾಗಿ ಬಂದಿದೆ: 9,860, 9,640, 9,420 ಕಿಲೊ. ಮಾರ್ಚ್ 7ರ ಶನಿವಾರ ಬೆಳಿಗ್ಗೆ ಮಾಲೀಕರು ಆತನಿಗೆ ‘ಮನೆಗೆ ಹೋಗು’ ಎಂದು ಬಾಯಲ್ಲೇ ಹೇಳಿ ಕಳಿಸಿದರು. ಈಗ ಪತ್ರ ಕೊಡಲು ಹೇಳಿದ್ದಾರೆ. ಅವರೇ ಬರೆಸಿದ ಕರಡು ಹೀಗಿದೆ: ‘ನೀವು ತೂಕದಲ್ಲಿ ಅವ್ಯವಹಾರ ಎಸಗಿ ಸಂಸ್ಥೆಗೆ ನಷ್ಟ ಉಂಟುಮಾಡಿರುವುದು ಮೇಲ್ನೋಟಕ್ಕೆ ಸಾಬೀತಾಗಿರುವುದರಿಂದ, ಶಿಸ್ತುಕ್ರಮವಾಗಿ ನಿಮ್ಮನ್ನು ಮುಂದಿನ ಆದೇಶದವರೆಗೆ ಅಮಾನತುಗೊಳಿಸಲಾಗಿದೆ. ಈ ಅವಧಿಗೆ ಸಂಬಳ ಇರುವುದಿಲ್ಲ.’ ವಿಚಾರಣೆ ಇನ್ನೂ ಶುರುವಾಗಿಲ್ಲ. ಆತ ಹನ್ನೊಂದು ವರ್ಷದಿಂದ ಇಲ್ಲಿದ್ದಾನೆ. ಪತ್ರ ಶಿಕ್ಷೆಯಂತೆ ಕಾಣಬಾರದು, ಮಾಲೀಕರ ಕೈಯನ್ನೂ ಕಟ್ಟಬಾರದು. ಹೇಗೆ ಬರೆಯಲಿ?

ಉತ್ತರ:

ಮಾಲೀಕರ ಕರಡನ್ನು ಇವತ್ತು ಕೊಡಬೇಡಿ. ಅದರಲ್ಲಿರುವುದು ಎರಡೇ ವಾಕ್ಯ, ಆದರೆ ಅವೆರಡರಲ್ಲೇ ವಿಚಾರಣೆ ನಡೆದು, ತೀರ್ಪು ಬಂದು, ಶಿಕ್ಷೆಯೂ ಜಾರಿಯಾಗಿದೆ.

ಅಂಥ ಪತ್ರ ಮುಂದೆ ಏನು ಮಾಡುತ್ತದೆ ಎಂಬುದನ್ನು ನಾನು ವಿಚಾರಣಾಧಿಕಾರಿಯ ಕುರ್ಚಿಯಲ್ಲೇ ಕುಳಿತು ಕಂಡಿದ್ದೇನೆ. ಬಳ್ಳಾರಿ ಕಡೆಯ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಉಗ್ರಾಣದ ನೌಕರನೊಬ್ಬನ ಮೇಲೆ ವಿಚಾರಣೆ ನಡೆಸಲು ನನ್ನನ್ನು ನೇಮಿಸಿದ್ದರು. ಮೊದಲ ದಿನ, ಮೊದಲ ಗಂಟೆ. ನೌಕರನ ಪರವಾಗಿ ಬಂದಿದ್ದ ಸಹೋದ್ಯೋಗಿ ಎದ್ದು ನಿಂತು ಅಮಾನತು ಪತ್ರವನ್ನು ನಿಧಾನವಾಗಿ ಓದಿದರು. ಅದರಲ್ಲಿ ‘ಕಳ್ಳತನ ದೃಢಪಟ್ಟಿದೆ’ ಎಂದಿತ್ತು. ಓದಿ ಮುಗಿಸಿ, ‘ದೃಢಪಟ್ಟ ಮೇಲೆ ನಾವೆಲ್ಲ ಇಲ್ಲಿ ಕುಳಿತಿರುವುದು ಯಾತಕ್ಕೆ, ಸರ್?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆಡಳಿತ ವರ್ಗ ಆ ಪತ್ರವನ್ನು ಹಿಂಪಡೆದು ಹೊಸದಾಗಿ ಬರೆಯಬೇಕಾಯಿತು. ನಾಲ್ಕು ತಿಂಗಳು ಹಾಗೇ ಹೋದವು. ಅಷ್ಟರಲ್ಲಿ ಸಾಕ್ಷಿ ಹೇಳಬೇಕಿದ್ದ ಇಬ್ಬರು ಕೆಲಸ ಬಿಟ್ಟು ಹೋಗಿದ್ದರು. ಆತ ಕದ್ದಿದ್ದನೋ ಇಲ್ಲವೋ ಎಂಬುದು ಕೊನೆಗೂ ತಿಳಿಯಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ. ಆತ ನಿರ್ದೋಷಿಯಾಗಿದ್ದರೆ ಕಳಂಕ ಉಳಿಯಿತು, ತಪ್ಪಿತಸ್ಥನಾಗಿದ್ದರೆ ಪಾರಾದ.

ಸುಪ್ರೀಂ ಕೋರ್ಟಿನ ಮುಂದೆಯೂ ಇಂಥದ್ದೇ ಬಂದಿತ್ತು. 2010ರ ಓರಿಕ್ಸ್ ಫಿಶರೀಸ್ ಪ್ರಕರಣದಲ್ಲಿ ಮೀನು ರಫ್ತು ಕಂಪನಿಯೊಂದಕ್ಕೆ ಕಾರಣ ಕೇಳಿ ಕೊಟ್ಟ ನೋಟಿಸಿನಲ್ಲೇ, ಕಳಪೆ ಸರಕು ಕಳಿಸಿದ್ದು ನಿಸ್ಸಂದೇಹವಾಗಿ ಸಾಬೀತಾಗಿದೆ ಎಂದು ಬರೆಯಲಾಗಿತ್ತು. ಈ ಹಂತದಲ್ಲಿ ಆರೋಪವನ್ನಷ್ಟೇ ಹೇಳಬೇಕು, ತಪ್ಪಿನ ತೀರ್ಮಾನವನ್ನು ಮುಂದಿಡಬಾರದು, ಹಾಗೆ ಮಾಡಿದರೆ ಮುಂದಿನ ವಿಚಾರಣೆ ಬರೀ ಶಾಸ್ತ್ರವಾಗುತ್ತದೆ ಎಂದು ನ್ಯಾಯಾಲಯ ಹೇಳಿತು. ಅದು ಅಮಾನತಿನ ಪ್ರಕರಣವಲ್ಲ. ಆದರೆ ನಿಮ್ಮ ಕರಡಿನ ‘ಸಾಬೀತಾಗಿರುವುದರಿಂದ’ ಎಂಬ ಮಾತು ಅದೇ ಜಾತಿಯದು.

ಈಗ ಲಾರಿಯ ವಿಷಯಕ್ಕೆ ಬರುತ್ತೇನೆ. ಪತ್ರದ ಭಾಷೆ ಏಕೆ ತಟಸ್ಥವಾಗಿರಬೇಕು ಎಂಬುದು ಕಾನೂನಿಗಿಂತ ಮೊದಲು ನಿಮ್ಮ ಕಾಟಾದ ಮೇಲೇ ತಿಳಿಯುತ್ತದೆ. ಹೆಚ್ಚಿನ ಮತ್ತು ಕಡಿಮೆ ಖಾಲಿ ತೂಕದ ನಡುವೆ 440 ಕಿಲೊ ಅಂತರವಿದೆ. ಖಾಲಿ ತೂಕ ಕಡಿಮೆ ತೋರಿಸಿದಷ್ಟೂ ಭತ್ತದ ನಿವ್ವಳ ತೂಕ ಹೆಚ್ಚು ಕಾಣುತ್ತದೆ. 75 ಕಿಲೊ ಚೀಲದ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಚೀಲ. ಬಾರದ ಆರು ಚೀಲಕ್ಕೆ ಗಿರಣಿ ದುಡ್ಡು ಕೊಟ್ಟಿದೆ ಎಂದು ಮಾಲೀಕರಿಗೆ ಸಿಟ್ಟು ಬಂದಿದ್ದರೆ ಅದು ಸಹಜ. ಆದರೆ ಅದೇ 440 ಕಿಲೊವನ್ನು ಇನ್ನೊಂದು ರೀತಿಯಲ್ಲೂ ಕೂಡಿಸಬಹುದು. ಟ್ಯಾಂಕಿನಲ್ಲಿ 300 ಲೀಟರ್ ಡೀಸೆಲ್ ಇದ್ದ ದಿನಕ್ಕೂ ಟ್ಯಾಂಕ್ ಬಹುತೇಕ ಬರಿದಾಗಿದ್ದ ದಿನಕ್ಕೂ ಸುಮಾರು 250 ಕಿಲೊ ವ್ಯತ್ಯಾಸ ಬರುತ್ತದೆ. ಚಾಲಕ ಮತ್ತು ಕ್ಲೀನರ್ ಒಮ್ಮೆ ಕ್ಯಾಬಿನ್ನಿನಲ್ಲೇ ಕುಳಿತಿದ್ದು ಇನ್ನೊಮ್ಮೆ ಕೆಳಗಿಳಿದಿದ್ದರೆ 130 ಕಿಲೊ ಆಯಿತು. ತಾಡಪಾಲು, ಹಗ್ಗ, ಹೆಚ್ಚುವರಿ ಚಕ್ರ, ಗದ್ದೆಯ ಕೆಸರು ಉಳಿದದ್ದನ್ನು ತುಂಬಬಲ್ಲವು. ಕಾಟಾವೇ ಸರಿಯಾಗಿದೆಯೇ, ತೂಕ ಮತ್ತು ಅಳತೆ ಇಲಾಖೆಯ ಮುದ್ರೆಯ ಅವಧಿ ಮುಗಿದಿಲ್ಲವೇ ಎಂದು ಯಾರಾದರೂ ನೋಡಿದ್ದಾರೆಯೇ? ಗುಮಾಸ್ತ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಮೂರು ಚೀಟಿಗಳಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳುತ್ತಿದ್ದೇನೆ. ಅದಕ್ಕೇ ವಿಚಾರಣೆ ಬೇಕು.

ಹಾಗಾದರೆ ಪತ್ರದಲ್ಲಿ ಏನು ಬರೆಯಬಹುದು, ಏನು ಬರೆಯಬಾರದು? ಇದಕ್ಕೆ ನಾನು ಒಂದೇ ಒರೆಗಲ್ಲನ್ನು ಬಳಸುತ್ತೇನೆ. ನಾಳೆ ವಿಚಾರಣೆಯಲ್ಲಿ ಆತ ನಿರ್ದೋಷಿ ಎಂದಾಯಿತು ಎಂದುಕೊಳ್ಳಿ. ಆಗಲೂ ಈ ಪತ್ರದ ಒಂದೊಂದು ವಾಕ್ಯವೂ ನಿಜವಾಗಿಯೇ ಉಳಿಯಬೇಕು. ಆತ ತಪ್ಪಿತಸ್ಥ ಎಂದಾದರೂ ಹಾಗೆಯೇ ಉಳಿಯಬೇಕು. ‘ಅವ್ಯವಹಾರ ಎಸಗಿ’ ಎಂಬುದು ಮೊದಲನೆಯ ಪರೀಕ್ಷೆಯಲ್ಲೇ ಬೀಳುತ್ತದೆ. ‘ನಿಮ್ಮ ಪ್ರಾಮಾಣಿಕತೆಯಲ್ಲಿ ನಮಗೆ ಪೂರ್ಣ ನಂಬಿಕೆಯಿದೆ’ ಎಂದು ಕೆಲವರು ಸಮಾಧಾನಕ್ಕೆ ಸೇರಿಸುವ ಮಾತು ಎರಡನೆಯದರಲ್ಲಿ ಬೀಳುತ್ತದೆ. ‘ಮೂರು ಚೀಟಿಗಳಲ್ಲಿ ಖಾಲಿ ತೂಕ ಬೇರೆ ಬೇರೆಯಾಗಿ ನಮೂದಾಗಿದೆ’ ಎಂಬುದು ಎರಡರಲ್ಲೂ ನಿಲ್ಲುತ್ತದೆ, ಏಕೆಂದರೆ ಅದು ಕಾಗದದ ಮೇಲಿರುವ ಸಂಗತಿ.

ಕನ್ನಡದಲ್ಲಿ ಈ ತಪ್ಪು ಎಲ್ಲಿಂದ ನುಸುಳುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಬರೆಯುವವರಿಗೇ ಅರಿವಿಲ್ಲದಂತೆ ತೀರ್ಪು ಕ್ರಿಯಾಪದದ ಬಾಲದಲ್ಲಿ ಬಂದು ಕುಳಿತಿರುತ್ತದೆ. ‘ನೀವು ಚೀಟಿ ತಿದ್ದಿರುವ ಬಗ್ಗೆ ವಿಚಾರಣೆ ನಡೆಸಲಾಗುವುದು’ ಎಂಬ ವಾಕ್ಯ ಮೇಲಿಂದ ನೋಡಿದರೆ ನಿರಪಾಯ. ಆದರೆ ‘ತಿದ್ದಿರುವ’ ಎಂದೊಡನೆ ತಿದ್ದಿದ್ದು ಆಗಿಹೋದ ಸಂಗತಿಯಾಯಿತು, ಇನ್ನು ವಿಚಾರಣೆ ಏನಿದ್ದರೂ ವಿವರಗಳ ಬಗ್ಗೆ. ಅದನ್ನೇ ‘ಚೀಟಿಗಳನ್ನು ತಿದ್ದಲಾಗಿದೆ ಎಂಬ ದೂರಿನ ಬಗ್ಗೆ’ ಎಂದು ಬರೆದು ನೋಡಿ. ‘ಎಂಬ’ ಎನ್ನುವ ಎರಡಕ್ಷರ ಮಾತನ್ನು ಹೇಳಿದವರ ಬಾಯಿಗೇ ಹಿಂತಿರುಗಿಸುತ್ತದೆ. ಹೇಳಿದ್ದು ದೂರುದಾರ, ಸಂಸ್ಥೆಯಲ್ಲ. ಹಾಗೆಯೇ ‘ಕಂಡುಬಂದಿದೆ’, ‘ತಿಳಿದುಬಂದಿದೆ’, ‘ಗಮನಕ್ಕೆ ಬಂದಿದೆ’ ಎಂಬ ಮೂರೂ ಕಚೇರಿಯ ಕನ್ನಡದಲ್ಲಿ ಮೆತ್ತಗಿನ ಮಾತುಗಳಂತೆ ಓಡಾಡುತ್ತವೆ. ಆದರೆ ಸುಳ್ಳು ಯಾರಿಗೂ ‘ಕಂಡುಬರುವುದಿಲ್ಲ’, ಇದ್ದದ್ದು ಮಾತ್ರ ಕಂಡುಬರುತ್ತದೆ. ಆದ್ದರಿಂದ ಚೀಟಿಯಲ್ಲಿರುವ ಅಂಕಿಗೆ ಈ ಪದ ಬಳಸಿ, ಮನುಷ್ಯನ ನಡತೆಗೆ ಬಳಸಬೇಡಿ. ‘ಎಸಗು’ ಎಂಬ ಕ್ರಿಯಾಪದವನ್ನು ಪೂರ್ತಿ ಬಿಡಿ. ಇಂದಿನ ಕನ್ನಡದಲ್ಲಿ ಯಾರೂ ಒಳ್ಳೆಯದನ್ನು ಎಸಗುವುದಿಲ್ಲ.

ಇನ್ನು ‘ಮೇಲ್ನೋಟಕ್ಕೆ ಸಾಬೀತಾಗಿರುವುದರಿಂದ’. ಸರ್ಕಾರಿ ಆದೇಶಗಳಿಂದ ಇದು ಖಾಸಗಿ ಕಚೇರಿಗಳಿಗೂ ಹರಡಿದೆ. ಮೇಲ್ನೋಟಕ್ಕೆ ಅನುಮಾನ ಬರಬಹುದು, ಪರಿಶೀಲಿಸಬೇಕು ಎನ್ನಿಸಬಹುದು. ಸಾಬೀತಾಗಲು ಒಳನೋಟ ಬೇಕು, ಇನ್ನೊಬ್ಬರ ಮಾತು ಕೇಳಬೇಕು, ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಬೇಕು. ಮುಂದೆ ‘ಮೇಲ್ನೋಟಕ್ಕೆ’ ಇದೆಯಲ್ಲ, ರಕ್ಷಣೆಯಾಯಿತು ಎಂದು ಬರೆಯುವವರು ಭಾವಿಸುತ್ತಾರೆ. ಓದುವವರ ಕಣ್ಣು ‘ಸಾಬೀತಾಗಿ’ ಎಂಬಲ್ಲೇ ನಿಲ್ಲುತ್ತದೆ.

‘ಅಮಾನತು’ ಎಂಬ ಪದದಲ್ಲಿ ದೋಷವಿಲ್ಲ, ಅದನ್ನು ತಪ್ಪಿಸಲು ಹೋಗಬೇಡಿ. ರಾಯಚೂರು, ಕೊಪ್ಪಳದ ನಾವು ನಿಜಾಮರ ಕಾಲದಿಂದ ಕೇಳುತ್ತ ಬಂದ ಪದ ಅದು. ಮೂಲದಲ್ಲಿ ಅಮಾನತ್ ಎಂದರೆ ನಂಬಿಕೆಯ ಮೇಲೆ ಒಬ್ಬರ ಬಳಿ ಜೋಪಾನವಾಗಿ ಇಟ್ಟದ್ದು, ಠೇವಣಿ. ಇಟ್ಟದ್ದನ್ನು ಹಾಳು ಮಾಡುವಂತಿಲ್ಲ, ಕೇಳಿದಾಗ ಇದ್ದಂತೆಯೇ ಹಿಂತಿರುಗಿಸಬೇಕು. ಆದ್ದರಿಂದ ‘ಅಮಾನತುಗೊಳಿಸಲಾಗಿದೆ’ ಎನ್ನುವುದಕ್ಕಿಂತ ‘ವಿಚಾರಣೆ ಕಾಯ್ದಿರಿಸಿ ಅಮಾನತಿನಲ್ಲಿ ಇರಿಸಲಾಗಿದೆ’ ಎಂಬುದು ನನಗೆ ಹೆಚ್ಚು ಒಪ್ಪಿಗೆ. ಕಾನೂನಿನ ಪರಿಣಾಮ ಒಂದೇ, ಆದರೆ ಎರಡನೆಯದರಲ್ಲಿ ಕೆಲಸ ಆತನದ್ದೇ ಆಗಿ ಉಳಿದಿದೆ. ‘ವಿಚಾರಣೆ ಕಾಯ್ದಿರಿಸಿ’ ಎಂಬ ಮಾತನ್ನು ಮಾತ್ರ ಎಂದೂ ಬಿಡಬೇಡಿ. ಏಕೆಂದರೆ ಅಮಾನತು ಎರಡು ಬಗೆಯದು. ಕೈಗಾರಿಕೆಗಳ ಕೆಲಸದ ನಿಯಮಗಳಾದ ಮಾದರಿ ಸ್ಥಾಯಿ ಆದೇಶಗಳಲ್ಲಿ, ತಪ್ಪು ರುಜುವಾತಾದ ಮೇಲೆ ಶಿಕ್ಷೆಯಾಗಿ ಒಮ್ಮೆಗೆ ನಾಲ್ಕು ದಿನ ಮೀರದಂತೆ ಮಾಡುವ ಅಮಾನತು ಒಂದು, ವಿಚಾರಣೆ ನಡೆಯುವಾಗ ದೂರ ಇರಿಸುವ ಅಮಾನತು ಇನ್ನೊಂದು. ಮಾಲೀಕರ ಕರಡಿನಲ್ಲಿರುವ ‘ಶಿಸ್ತುಕ್ರಮವಾಗಿ’ ಎಂಬ ಒಂದೇ ಪದ ನಿಮ್ಮ ಪತ್ರವನ್ನು ಎರಡನೆಯ ಬಗೆಯಿಂದ ಮೊದಲನೆಯ ಬಗೆಗೆ ಎಳೆದುಬಿಡುತ್ತದೆ.

ನಾನಾಗಿದ್ದರೆ ಪತ್ರವನ್ನು ಹೀಗೆ ಬರೆಯುತ್ತಿದ್ದೆ. ಹೆಸರು, ತಾರೀಖು, ಕಲಂಗಳನ್ನು ನಿಮ್ಮ ದಾಖಲೆ ನೋಡಿ ತುಂಬಿಕೊಳ್ಳಿ.

‘ವಿಷಯ: ವಿಚಾರಣೆ ಕಾಯ್ದಿರಿಸಿ ಅಮಾನತಿನಲ್ಲಿ ಇರಿಸುವ ಬಗ್ಗೆ.

ಫೆಬ್ರವರಿ 12ರಿಂದ ಮಾರ್ಚ್ 5ರವರೆಗಿನ ಮೂರು ತೂಕದ ಚೀಟಿಗಳಲ್ಲಿ ಒಂದೇ ಲಾರಿಯ ಖಾಲಿ ತೂಕ 9,860, 9,640 ಮತ್ತು 9,420 ಕಿಲೊ ಎಂದು ನಮೂದಾಗಿದೆ ಎಂಬುದಾಗಿ ಲೆಕ್ಕಪತ್ರ ವಿಭಾಗ ಮಾರ್ಚ್ 6ರಂದು ವರದಿ ನೀಡಿದೆ. ಹಾಜರಿ ಪುಸ್ತಕದ ಪ್ರಕಾರ ಆ ಮೂರೂ ಪಾಳಿಗಳಲ್ಲಿ ಕಾಟಾ ಕೊಠಡಿಯ ಕರ್ತವ್ಯ ನಿಮ್ಮದಾಗಿತ್ತು. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದನ್ನು ತಿಳಿಯಲು ವಿಚಾರಣೆ ನಡೆಸಲು ಉದ್ದೇಶಿಸಲಾಗಿದೆ.

ಕಾಟಾ ಕೊಠಡಿಯ ಕಂಪ್ಯೂಟರ್ ಮತ್ತು ಚೀಟಿಗಳು ವಿಚಾರಣೆ ಮುಗಿಯುವವರೆಗೆ ಈಗ ಇರುವಂತೆಯೇ ಇರಬೇಕಾಗಿದೆ. ಅದೇ ಕೊಠಡಿಯ ಸಿಬ್ಬಂದಿ ಮತ್ತು ಹಮಾಲರ ಹೇಳಿಕೆಗಳನ್ನೂ ಪಡೆಯಬೇಕಾಗಿದೆ. ಈ ಕಾರಣಗಳಿಗಾಗಿ, ನಿಮ್ಮ ನೇಮಕಾತಿ ಪತ್ರದ ಇಂಥ ಕಲಮಿನ ಪ್ರಕಾರ, ಮಾರ್ಚ್ 10ರಿಂದ ನಿಮ್ಮನ್ನು ವಿಚಾರಣೆ ಕಾಯ್ದಿರಿಸಿ ಅಮಾನತಿನಲ್ಲಿ ಇರಿಸಲಾಗಿದೆ.

ಇದು ಶಿಕ್ಷೆಯಲ್ಲ. ಮೇಲಿನ ವರದಿಯ ಬಗ್ಗೆಯಾಗಲೀ ನಿಮ್ಮ ಪಾತ್ರದ ಬಗ್ಗೆಯಾಗಲೀ ಸಂಸ್ಥೆ ಯಾವ ತೀರ್ಮಾನಕ್ಕೂ ಬಂದಿಲ್ಲ. ನಿಮ್ಮ ಸೇವೆ ಮುಂದುವರಿಯುತ್ತದೆ.

ಅಮಾನತಿನ ಮೊದಲ 90 ದಿನ ನಿಮ್ಮ ಸಂಬಳದ ಅರ್ಧದಷ್ಟನ್ನು ಜೀವನಾಧಾರ ಭತ್ಯೆಯಾಗಿ, ಸಂಬಳ ಕೊಡುವ ದಿನವೇ ನಿಮ್ಮ ಬ್ಯಾಂಕ್ ಖಾತೆಗೆ ಹಾಕಲಾಗುವುದು. ವಿಚಾರಣೆಯಲ್ಲಿ ಆರೋಪ ರುಜುವಾತಾಗದಿದ್ದರೆ ಈ ಅವಧಿಯನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಿ ಉಳಿದ ಸಂಬಳವನ್ನೂ ಕೊಡಲಾಗುವುದು.

ಈ ಆದೇಶವನ್ನು ಏಪ್ರಿಲ್ 9ರೊಳಗೆ ಮರುಪರಿಶೀಲಿಸಿ ಫಲಿತಾಂಶವನ್ನು ನಿಮಗೆ ಬರಹದಲ್ಲಿ ತಿಳಿಸಲಾಗುವುದು. ವಿಚಾರಣೆಯ ದಿನ ಮತ್ತು ಸ್ಥಳವನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು. ನಿಮ್ಮ ಸಮರ್ಥನೆಗೆ ಬೇಕಾದ ದಾಖಲೆಗಳನ್ನು ನೋಡಲು ಈ ಕೆಳಗೆ ಸಹಿ ಮಾಡಿದವರಿಗೆ ಪತ್ರ ಬರೆದು ಅವಕಾಶ ಪಡೆಯಬಹುದು.’

ಇದರಲ್ಲಿ ಎರಡನೆಯ ಭಾಗವೇ ಪತ್ರದ ಬೆನ್ನೆಲುಬು. ಅಮಾನತಿಗೆ ಕಾರಣ ಆರೋಪವಲ್ಲ, ವಿಚಾರಣೆಯ ಅಗತ್ಯ. ಆರೋಪ ಎಷ್ಟೇ ದೊಡ್ಡದಿರಲಿ, ಆತ ಕೆಲಸದಲ್ಲಿದ್ದರೆ ದಾಖಲೆಗೂ ಸಾಕ್ಷಿಗಳಿಗೂ ಏನೂ ಆಗುವುದಿಲ್ಲ ಎಂದಾದರೆ ಅಮಾನತೇ ಬೇಕಿಲ್ಲ, ಇನ್ನೊಂದು ವಿಭಾಗಕ್ಕೆ ಹಾಕಿದರೆ ಸಾಕು. ನಿಮ್ಮ ಗಿರಣಿಯಲ್ಲಿ ಕಾಟಾ ಕಂಪ್ಯೂಟರಿನ ಪಾಸ್‌ವರ್ಡ್ ಆತನ ಬಳಿ ಇದೆಯೇ, ಹಮಾಲರು ಆತನ ಎದುರು ಬಾಯಿ ಬಿಡಲು ಹಿಂಜರಿಯುತ್ತಾರೆಯೇ ಎಂದು ಮಾಲೀಕರ ಜೊತೆ ಕುಳಿತು ಯೋಚಿಸಿ. ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಆತನನ್ನು ಗೋದಾಮಿನ ಲೆಕ್ಕಕ್ಕೆ ಹಾಕಿ, ಪತ್ರವನ್ನು ಹರಿದುಹಾಕಿ. ಕಾರಣವನ್ನು ಬರೆಯಲು ಕುಳಿತಾಗಲೇ ಕಾರಣ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

‘ಇದು ಶಿಕ್ಷೆಯಲ್ಲ’ ಎಂಬ ವಾಕ್ಯದ ಮೇಲೆ ಹೆಚ್ಚು ಭಾರ ಹಾಕಬೇಡಿ. ಮೇಲೆ ‘ವಂಚನೆ’ ಎಂದು ಬರೆದು, ಕೆಳಗೆ ಸಂಬಳ ಕತ್ತರಿಸಿ, ನಡುವೆ ‘ಶಿಕ್ಷೆಯಲ್ಲ’ ಎಂದರೆ ಆ ವಾಕ್ಯವನ್ನು ಯಾರೂ ನಂಬುವುದಿಲ್ಲ. ನ್ಯಾಯಾಲಯವೂ ಪತ್ರದ ಹಣೆಪಟ್ಟಿಯನ್ನು ಬಿಟ್ಟು ಹೊಟ್ಟೆಯೊಳಗೇನಿದೆ ಎಂದು ನೋಡುತ್ತದೆ. ಉಳಿದದ್ದೆಲ್ಲ ಸರಿಯಿದ್ದಾಗ ಮಾತ್ರ ಆ ವಾಕ್ಯ ಕೆಲಸಕ್ಕೆ ಬರುತ್ತದೆ.

ಪತ್ರವನ್ನು ತೀರಾ ಮೃದು ಮಾಡುವುದೂ ತಪ್ಪೇ. ‘ನಿಮಗೆ ಕೆಲ ದಿನ ವಿಶ್ರಾಂತಿ ನೀಡಲಾಗಿದೆ’ ಎಂಬಂಥ ಪತ್ರವನ್ನೂ ನಾನು ನೋಡಿದ್ದೇನೆ. ಓದಿದವನಿಗೆ ತನ್ನ ಮೇಲೆ ಏನು ದೂರು ಬಂದಿದೆ ಎಂದೇ ಗೊತ್ತಾಗದು. ರಾತ್ರಿಯೆಲ್ಲ ಕಲ್ಪಿಸಿಕೊಳ್ಳುತ್ತಾನೆ. ಮಾದರಿ ಸ್ಥಾಯಿ ಆದೇಶಗಳು ಅಮಾನತಿನ ಕಾರಣಗಳನ್ನು ವಿವರವಾಗಿ ಹೇಳುವ ಹೇಳಿಕೆಯನ್ನು ಒಂದು ವಾರದೊಳಗೆ ಕೊಡಬೇಕು ಎಂದು ಹೇಳಿರುವುದು ಇದಕ್ಕಾಗಿಯೇ. ನಿಮ್ಮ ಗಿರಣಿಗೆ ಅವು ಅನ್ವಯಿಸಲಿ ಬಿಡಲಿ, ಯಾವ ಚೀಟಿ, ಯಾವ ದಿನ, ಎಷ್ಟು ಕಿಲೊ ಎಂದು ಹೇಳಿಬಿಡಿ. ತಟಸ್ಥವಾಗಿರುವುದಕ್ಕೂ ಮಸುಕಾಗಿರುವುದಕ್ಕೂ ವ್ಯತ್ಯಾಸವಿದೆ. ಆದರೆ ದೋಷಾರೋಪಣ ಪಟ್ಟಿಯನ್ನು ಇದೇ ಪತ್ರಕ್ಕೆ ಹೊಲಿಯಬೇಡಿ. ಯಾವ ನಿಯಮದ ಉಲ್ಲಂಘನೆ, ಯಾವ ದುರ್ನಡತೆ ಎಂಬುದು ದಾಖಲೆ ನೋಡಿದ ಮೇಲೆ ಪ್ರತ್ಯೇಕವಾಗಿ ಬರಬೇಕು.

‘ಇಂಥ ಕಲಮಿನ ಪ್ರಕಾರ’ ಎಂಬಲ್ಲಿ ಏನು ತುಂಬುತ್ತೀರಿ ಎಂಬುದು ಸಣ್ಣ ವಿಷಯವಲ್ಲ. 1959ರಲ್ಲಿ ಹೋಟೆಲ್ ಇಂಪೀರಿಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸೇವಾ ಒಪ್ಪಂದದಲ್ಲಾಗಲೀ ಸ್ಥಾಯಿ ಆದೇಶದಲ್ಲಾಗಲೀ ಕಾನೂನಿನಲ್ಲಾಗಲೀ ಅಮಾನತು ಮಾಡುವ ಅಧಿಕಾರ ಇಲ್ಲದಿದ್ದರೆ, ಮಾಲೀಕ ನೌಕರನನ್ನು ಕೆಲಸದಿಂದ ದೂರ ಇರಿಸಬಹುದು, ಆದರೆ ಸಂಬಳವನ್ನು ಪೂರ್ತಿ ಕೊಡಬೇಕು. ಹನ್ನೊಂದು ವರ್ಷದ ಹಿಂದಿನ ನೇಮಕಾತಿ ಪತ್ರವನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಅಂಥ ಕಲಂ ಇಲ್ಲದಿದ್ದರೆ, ಅಥವಾ ನೇಮಕಾತಿ ಪತ್ರವೇ ಇಲ್ಲದಿದ್ದರೆ (ನಮ್ಮ ಕಡೆಯ ಗಿರಣಿಗಳಲ್ಲಿ ಹೀಗಿರುವುದು ಹೊಸದಲ್ಲ), ನನ್ನ ಕರಡಿನಲ್ಲಿ ‘ಕಲಮಿನ ಪ್ರಕಾರ’ ಮತ್ತು ‘ಅರ್ಧದಷ್ಟು’ ಎಂಬ ಮಾತುಗಳನ್ನು ತೆಗೆದು ಪೂರ್ಣ ಸಂಬಳ ಎಂದು ಬರೆಯಿರಿ. ಮಾಲೀಕರಿಗೆ ಇದು ಕಹಿ ಅನ್ನಿಸಬಹುದು. ಆದರೆ ಎರಡು ತಿಂಗಳ ಸಂಬಳ ಕಾರ್ಮಿಕ ನ್ಯಾಯಾಲಯದ ಎರಡು ವರ್ಷಕ್ಕಿಂತ ಅಗ್ಗ.

ಕಲಂ ಇದ್ದರೂ ‘ಸಂಬಳ ಇರುವುದಿಲ್ಲ’ ಎಂಬ ವಾಕ್ಯಕ್ಕೆ ಜಾಗವಿಲ್ಲ. ಜೀವನಾಧಾರ ಭತ್ಯೆಗೆಂದೇ ಕರ್ನಾಟಕದಲ್ಲಿ 1988ರ ಕಾಯ್ದೆಯೊಂದಿದೆ. ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು. ಗುಮಾಸ್ತನ ತಿಂಗಳ ಸಂಬಳ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮಾರ್ಚ್ 10ರಿಂದ ಎಣಿಸಿದರೆ 90ನೇ ದಿನ ಜೂನ್ 7. ಅಲ್ಲಿಯವರೆಗೆ ತಿಂಗಳಿಗೆ 9,000 ರೂಪಾಯಿ, ಜೂನ್ 8ರಿಂದ ವಿಳಂಬಕ್ಕೆ ಆತ ಕಾರಣನಲ್ಲದಿದ್ದರೆ 13,500 ರೂಪಾಯಿ. ಆತ ಬೇರೆಡೆ ದುಡಿಯುತ್ತಿಲ್ಲ ಎಂದು ತಿಂಗಳಿಗೊಮ್ಮೆ ಬರೆದುಕೊಡಲು ಕೇಳುವುದು ರೂಢಿಯಲ್ಲಿದೆ, ಕೇಳಬಹುದು. ಪ್ರತಿದಿನ ಗೇಟಿಗೆ ಬಂದು ಸಹಿ ಮಾಡಬೇಕು ಎಂಬ ಷರತ್ತನ್ನು ಮಾತ್ರ ಹಾಕಬೇಡಿ. ಜಾಮೀನಿನ ಮೇಲೆ ಬಿಟ್ಟವನನ್ನು ಠಾಣೆಗೆ ಕರೆಸಿದಂತಾಗುತ್ತದೆ, ನೀವು ತಟಸ್ಥವಾಗಿ ಬರೆದದ್ದೆಲ್ಲ ಆ ಒಂದು ಸಾಲಿನಲ್ಲಿ ಕೊಚ್ಚಿಹೋಗುತ್ತದೆ.

ಭತ್ಯೆ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಪ್ರಸಿದ್ಧ ಉದಾಹರಣೆಯಿದೆ. ಕೋಲಾರದ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ 1985ರಲ್ಲಿ ಪೊಲೀಸರಿಗೆ ಚಿನ್ನದ ಉಂಡೆ ಮತ್ತು ಚಿನ್ನದ ಅಂಶವಿರುವ ಮರಳು ಸಿಕ್ಕಿತು ಎಂಬ ಆರೋಪ. ಅವರನ್ನು ಅಮಾನತಿನಲ್ಲಿಟ್ಟರು, ಭತ್ಯೆ ಕೊಡಲಿಲ್ಲ. ಕೇರಳದ ತಮ್ಮ ಮನೆಯಿಂದ ಕೋಲಾರಕ್ಕೆ ವಿಚಾರಣೆಗೆ ಬರಲು ನನ್ನಲ್ಲಿ ಹಣವಿಲ್ಲ ಎಂದು ಅವರು ತಿಳಿಸಿದರೂ ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ ಕೆಲಸದಿಂದ ತೆಗೆದರು. ಪ್ರಕರಣ 1999ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅನ್ನಕ್ಕೇ ದಾರಿಯಿಲ್ಲದವನಿಗೆ ಸಮರ್ಥನೆಯ ಅವಕಾಶ ಕೊಟ್ಟೆವು ಎನ್ನಲಾಗದು ಎಂಬ ನೆಲೆಯಲ್ಲಿ ಆ ಗೈರುಹಾಜರಿ ವಿಚಾರಣೆಯೇ ನಿಲ್ಲಲಿಲ್ಲ. ವಜಾ ಆದೇಶ ರದ್ದಾಯಿತು.

‘ಮುಂದಿನ ಆದೇಶದವರೆಗೆ’ ಎಂಬುದರ ಬದಲು ನಾನು ಮರುಪರಿಶೀಲನೆಯ ತಾರೀಖು ಹಾಕಿರುವುದಕ್ಕೂ ಕಾರಣವಿದೆ. ಕೊನೆ ಕಾಣದ ಅಮಾನತು ತಾನಾಗಿಯೇ ಶಿಕ್ಷೆಯಾಗುತ್ತದೆ, ಪತ್ರದ ಭಾಷೆ ಎಷ್ಟೇ ಸ್ವಚ್ಛವಾಗಿರಲಿ. 2015ರ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ, ಮೂರು ತಿಂಗಳೊಳಗೆ ದೋಷಾರೋಪಣ ಪಟ್ಟಿ ಕೊಡದಿದ್ದರೆ ಅಮಾನತನ್ನು ಅದರಾಚೆಗೆ ಎಳೆಯಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದು ಸರ್ಕಾರಿ ನೌಕರರ ವಿಷಯ. ಆದರೂ ಖಾಸಗಿಯವರು ಅದನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. ಮೂರು ಚೀಟಿ, ಒಂದು ಕಾಟಾ, ಐದಾರು ಸಾಕ್ಷಿಗಳ ನಿಮ್ಮ ವಿಚಾರಣೆಗೆ ಆರು ವಾರ ಸಾಕು ಎಂದು ನನ್ನ ಅಂದಾಜು. ಏಪ್ರಿಲ್ 9ರಂದು ಕಡತ ತೆರೆದು ನೋಡಿ. ಕಂಪ್ಯೂಟರಿನ ದತ್ತಾಂಶದ ಪ್ರತಿ ತೆಗೆದಾಗಿ, ಹೇಳಿಕೆಗಳು ಮುಗಿದಿದ್ದರೆ ಆತನನ್ನು ದೂರ ಇರಿಸುವ ಕಾರಣ ಅಲ್ಲಿಗೇ ಮುಗಿಯಿತು. ವಿಚಾರಣೆ ಬಾಕಿಯಿರುವಾಗಲೇ ಬೇರೆ ಕೆಲಸಕ್ಕೆ ಕರೆಸಿಕೊಳ್ಳಬಹುದು.

ಪತ್ರ ಕೊಡುವ ರೀತಿಯೂ ಪತ್ರದ ಭಾಗವೇ. ಆತನನ್ನು ನಿಮ್ಮ ಕೊಠಡಿಗೆ ಕರೆಸಿ, ಬಾಗಿಲು ಹಾಕಿ, ಕುಳ್ಳಿರಿಸಿ, ಓದಲು ಸಮಯ ಕೊಡಿ. ಸಹಿ ಮಾಡಿದರೆ ‘ತಲುಪಿದೆ’ ಎಂದಷ್ಟೇ ಬರೆಸಿಕೊಳ್ಳಿ, ‘ಒಪ್ಪಿದ್ದೇನೆ’ ಎಂದಲ್ಲ. ತೆಗೆದುಕೊಳ್ಳಲು ನಿರಾಕರಿಸಿದರೆ ಒತ್ತಾಯ ಬೇಡ, ಇಬ್ಬರ ಸಾಕ್ಷಿಯೊಂದಿಗೆ ಹಾಗೆಂದು ಬರೆದಿಟ್ಟು ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಕಳಿಸಿ. ಕೀಲಿ, ಚೀಟಿ ಪುಸ್ತಕಗಳನ್ನು ಪಟ್ಟಿ ಮಾಡಿ ತೆಗೆದುಕೊಂಡು ಆ ಪಟ್ಟಿಯ ಒಂದು ಪ್ರತಿಯನ್ನು ಆತನಿಗೂ ಕೊಡಿ. ನಾಳೆ ಒಂದು ಪುಸ್ತಕ ಕಾಣೆಯಾದರೆ ಆತನಿಗೂ ನಿಮಗೂ ಅದೇ ರಕ್ಷೆ. ಪತ್ರದ ಪ್ರತಿ ಸಂಬಳ ಬರೆಯುವವರಿಗೆ ಹೋಗಬೇಕು, ಭತ್ಯೆ ಹಾಕಬೇಕಲ್ಲ. ಸೂಚನಾ ಫಲಕಕ್ಕೆ ಬೇಡ, ಗಿರಣಿಯ ವಾಟ್ಸ್‌ಆ್ಯಪ್ ಗುಂಪಿಗಂತೂ ಬೇಡವೇ ಬೇಡ. ಗೇಟಿನ ಕಾವಲುಗಾರನಿಗೆ ಪತ್ರ ತೋರಿಸುವ ಅಗತ್ಯವಿಲ್ಲ. ‘ಇವರು ಬಂದರೆ ನನಗೆ ಫೋನ್ ಮಾಡು’ ಎಂದು ಹೇಳಿದರೆ ಸಾಕು. ಒಂದು ಕಾರ್ಖಾನೆಯ ಗೇಟಿನಲ್ಲಿ ನೌಕರನ ಭಾವಚಿತ್ರ ಅಂಟಿಸಿ ಕೆಳಗೆ ‘ಒಳಗೆ ಬಿಡಬಾರದು’ ಎಂದು ಬರೆದಿದ್ದನ್ನು ನೋಡಿದ್ದೇನೆ. ಆತನ ಮಗಳು ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದಳು. ಅಷ್ಟಾದ ಮೇಲೆ ಪತ್ರದಲ್ಲಿ ಏನು ಬರೆದಿದ್ದರೆ ಏನು?

ಲಾರಿ ಚಾಲಕರು, ಭತ್ತ ತರುವ ರೈತರು ‘ಕಾಟಾದವರು ಎಲ್ಲಿ?’ ಎಂದು ಕೇಳುತ್ತಾರೆ. ‘ಸದ್ಯ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ’ ಎಂಬ ಒಂದೇ ಉತ್ತರವನ್ನು ಎಲ್ಲರಿಗೂ ಹೇಳಿಕೊಡಿ.

ಕೊನೆಗೆ, ಈಗಾಗಲೇ ಆಗಿರುವ ತಪ್ಪು. ಮಾಲೀಕರು 7ರಂದು ಬಾಯಿಮಾತಿನಲ್ಲಿ ಕಳಿಸಿದ್ದು ಅಮಾನತಲ್ಲ. ಆದ್ದರಿಂದ ಪತ್ರಕ್ಕೆ 7ರ ತಾರೀಖು ಹಾಕುವುದಾಗಲೀ, 10ರ ಪತ್ರದಲ್ಲಿ ‘7ರಿಂದಲೇ ಜಾರಿಗೆ ಬರುವಂತೆ’ ಎಂದು ಬರೆಯುವುದಾಗಲೀ ಬೇಡ. ಅಮಾನತು ಪತ್ರ ಮುಂದಕ್ಕೆ ಮಾತ್ರ ನಡೆಯಬೇಕು. ಹಿಂದಕ್ಕೆ ನಡೆಸಿದರೆ ಮೊದಲ ಸಾಲಿನಲ್ಲೇ ಒಂದು ಸುಳ್ಳು ಸೇರುತ್ತದೆ. 7ರಿಂದ 9ರವರೆಗೆ ಆತ ಕೆಲಸಕ್ಕೆ ಸಿದ್ಧನಿದ್ದ, ನೀವು ಕೊಡಲಿಲ್ಲ. ಆ ದಿನಗಳಿಗೆ ಹಾಜರಿ ಹಾಕಿ, ಪೂರ್ಣ ಸಂಬಳ ಲೆಕ್ಕ ಹಿಡಿಯಿರಿ, ಹಾಗೆ ಮಾಡಿರುವುದನ್ನು ಪತ್ರ ಕೊಡುವಾಗ ಆತನಿಗೆ ನೀವೇ ಬಾಯಲ್ಲಿ ಹೇಳಿ.